ಅನುಕಲದ ಕ್ರಮ ತಿರುಗಿಸಿದಾಗ

ಸಮತಲದ ಒಂದು ಪ್ರದೇಶದ ಉದ್ದಗಲಕ್ಕೂ ಹರಡಿರುವ ಪರಿಮಾಣವನ್ನು ಕೂಡಿಸಿ ಒಟ್ಟು ತೆಗೆಯುವ ವಿಧಾನಕ್ಕೆ ದ್ವಿ-ಅನುಕಲ ಎಂದು ಹೆಸರು. ಎಂಜಿನಿಯರಿಂಗ್ ಮತ್ತು ಬಿ.ಎಸ್‌ಸಿ. ತರಗತಿಗಳಲ್ಲಿ ಇದನ್ನು ಡಬಲ್ ಇಂಟಿಗ್ರಲ್ ಎಂದೇ ಕರೆಯುವುದು ರೂಢಿ. ಪ್ರದೇಶದ ಪ್ರತಿ ಬಿಂದುವಿನ ಮೇಲೂ f(x, y) ಎತ್ತರದ ಚಾವಣಿ ಇದೆ ಎಂದುಕೊಂಡರೆ, ನೆಲದಿಂದ ಚಾವಣಿಯವರೆಗಿನ ಘನಗಾತ್ರವೇ ದ್ವಿ-ಅನುಕಲದ ಬೆಲೆ. ಈ ಲೆಕ್ಕವನ್ನು ಒಂದೇ ಏಟಿಗೆ ಮಾಡಲಾಗುವುದಿಲ್ಲ, ಎರಡು ಹಂತ ಬೇಕು. ಮೊದಲ ಹಂತದಲ್ಲಿ x ಮತ್ತು y ಎರಡರಲ್ಲಿ ಒಂದನ್ನು ಕದಲದಂತೆ ಹಿಡಿದಿಟ್ಟು ಇನ್ನೊಂದರ ಮೇಲೆ ಕೂಡಿಸಬೇಕು. ಎರಡನೇ ಹಂತದಲ್ಲಿ, ಹಿಡಿದಿಟ್ಟಿದ್ದನ್ನು ಬಿಟ್ಟು ಅದರ ಮೇಲೆ ಕೂಡಿಸಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಅನುಕಲನದ ಕ್ರಮ.

ಬಹುಪಾಲು ಲೆಕ್ಕಗಳಲ್ಲಿ ಯಾವ ಕ್ರಮ ಹಿಡಿದರೂ ಶ್ರಮ ಹೆಚ್ಚುಕಡಿಮೆ ಒಂದೇ. ಆದರೆ ಕೆಲವು ಲೆಕ್ಕಗಳು ಒಂದು ಕ್ರಮದಲ್ಲಿ ಮೊದಲ ಹೆಜ್ಜೆಗೇ ನಿಂತುಬಿಡುತ್ತವೆ, ಕ್ರಮ ತಿರುಗಿಸಿದರೆ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತವೆ. ಅಂಥ ಲೆಕ್ಕಗಳಲ್ಲಿ ಎಲ್ಲಕ್ಕಿಂತ ಸ್ವಚ್ಛವಾದದ್ದು ಇದು:

∫[0, 1] ∫[x, 1] e^(y²) dy dx

ಇಲ್ಲಿ ಚೌಕ ಆವರಣದೊಳಗಿನ ಮೊದಲ ಬೆಲೆ ಕೆಳಮಿತಿ, ಎರಡನೆಯದು ಮೇಲ್ಮಿತಿ. ಒಳಗಿನ ಅನುಕಲ y ಮೇಲಿನದು, ಅದರ ಮಿತಿಗಳು x ಮತ್ತು 1. ಹೊರಗಿನದು x ಮೇಲಿನದು, ಅದರ ಮಿತಿಗಳು 0 ಮತ್ತು 1.

ಬರೆದ ಕ್ರಮದಲ್ಲೇ ಹೊರಟರೆ ಮೊದಲು e^(y²) ಅನ್ನು y ಮೇಲೆ ಅನುಕಲಿಸಬೇಕು. ಯಾವ ಫಲನವನ್ನು ಅವಕಲಿಸಿದರೆ e^(y²) ಸಿಗುತ್ತದೆ ಎಂದು ಹುಡುಕುವುದೇ ಇದರ ಅರ್ಥ. ಅಂಥದ್ದೊಂದು ಫಲನ ಇದೆ. ಆದರೆ ಬಹುಪದಗಳು, ಮೂಲಗಳು, ಘಾತಗಳು, ಲಾಗರಿದಮ್‌ಗಳು, ಸೈನ್, ಕೊಸೈನ್ ಇವನ್ನು ಎಷ್ಟು ಬಗೆಯಲ್ಲಿ ಹೆಣೆದರೂ ಅದನ್ನು ಒಂದು ಸೂತ್ರವಾಗಿ ಬರೆಯಲು ಬರುವುದಿಲ್ಲ. ಹುಡುಕಿದವರ ಜಾಣ್ಮೆ ಸಾಲದೆ ಸೂತ್ರ ಸಿಕ್ಕಿಲ್ಲವೆಂದಲ್ಲ. ಅಂಥ ಸೂತ್ರ ಇರಲಾರದು ಎಂಬುದಕ್ಕೇ ಸಾಧನೆ ಇದೆ. ಫ್ರಾನ್ಸಿನ ಗಣಿತಜ್ಞ ಜೋಸೆಫ್ ಲಿಯೂವಿಲ್ 1830ರ ದಶಕದಲ್ಲಿ ಈ ಬಗೆಯ ಸಾಧನೆಗಳಿಗೆ ದಾರಿ ಹಾಕಿಕೊಟ್ಟ.

ಹಾಗೆಂದು ಈ ದ್ವಿ-ಅನುಕಲಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. e^(y²) ಎಲ್ಲೂ ಮುರಿಯದ, ಎಲ್ಲೂ ಸಿಡಿಯದ ಸಾಧು ಫಲನ. ಅದರಡಿಯ ಘನಗಾತ್ರ ಒಂದು ಖಚಿತ ಸಂಖ್ಯೆ, ಕಂಪ್ಯೂಟರಿನಲ್ಲಿ ಎಷ್ಟು ದಶಮಾಂಶ ಸ್ಥಾನ ಬೇಕೋ ಅಷ್ಟನ್ನೂ ತೆಗೆಯಬಹುದು. ಬಿಡಿಸಲಾಗದು ಎಂಬ ಮಾತು ಇಲ್ಲಿ ಬೆಲೆಗೆ ಅನ್ವಯಿಸುವುದಿಲ್ಲ, ಆ ಕ್ರಮದಲ್ಲಿ ಸೂತ್ರದ ಮೂಲಕ ನಡೆಯುವ ದಾರಿಗೆ ಮಾತ್ರ ಅನ್ವಯಿಸುತ್ತದೆ.

ಕೊರತೆ ಎಲ್ಲಿದೆ ಎಂದು ಹತ್ತಿರದಿಂದ ನೋಡಬೇಕು. e^(y²) ಪಕ್ಕದಲ್ಲಿ ಒಂದು y ಇದ್ದಿದ್ದರೆ ಕಷ್ಟವೇ ಇರುತ್ತಿರಲಿಲ್ಲ. e^(y²) ಅನ್ನು ಅವಕಲಿಸಿದರೆ 2y·e^(y²) ಬರುವುದರಿಂದ, y·e^(y²) ನ ಅನುಕಲ e^(y²)/2 ಎಂದು ನೋಡಿದೊಡನೆ ಹೇಳಬಹುದು. ಇಲ್ಲದಿರುವುದು ಒಂದೇ ಒಂದು y. ಅದನ್ನು ತಾವಾಗಿ ತಂದು ಗುಣಿಸಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ, ಗುಣಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಕ್ರಮ ತಿರುಗಿಸಿದಾಗ ಮಾತ್ರ ಆ y ನ್ಯಾಯವಾದ ದಾರಿಯಲ್ಲೇ ಬಂದು ಸೇರುತ್ತದೆ.

ಕ್ರಮ ತಿರುಗಿಸುವ ಕೆಲಸ ಶುರುವಾಗುವುದು ಚಿತ್ರದಿಂದ. ಮಿತಿಗಳನ್ನು ಅಸಮತೆಗಳಾಗಿ ಬರೆದುಕೊಂಡರೆ x ಎಂಬುದು 0ಯಿಂದ 1ರವರೆಗೆ ಓಡುತ್ತದೆ, ಪ್ರತಿ x ಗೂ y ಎಂಬುದು x ನಿಂದ 1ರವರೆಗೆ ಓಡುತ್ತದೆ. ಕಾಗದದ ಮೇಲೆ y = x ಎಂಬ ಓರೆ ಗೆರೆ, y = 1 ಎಂಬ ಅಡ್ಡ ಗೆರೆ, x = 0 ಎಂಬ ನೆಟ್ಟಗಿನ ಗೆರೆ ಈ ಮೂರನ್ನು ಎಳೆದರೆ ಅವುಗಳ ನಡುವೆ ಒಂದು ತ್ರಿಕೋನ ಕಾಣುತ್ತದೆ. ಅದರ ಮೂಲೆಗಳು (0, 0), (0, 1) ಮತ್ತು (1, 1). ಓರೆ ಗೆರೆಯ ಮೇಲ್ಭಾಗದಲ್ಲಿ, ಎಡಗಡೆಗೆ ಈ ತ್ರಿಕೋನ ಕೂತಿದೆ. ಮೂಲ ಲೆಕ್ಕ ಇದನ್ನು ನೆಟ್ಟಗಿನ ಪಟ್ಟಿಗಳಾಗಿ ಸೀಳುತ್ತದೆ. ಪ್ರತಿ ಪಟ್ಟಿಯೂ ಓರೆ ಗೆರೆಯಲ್ಲಿ ಶುರುವಾಗಿ ಮೇಲಿನ ಅಂಚಿನಲ್ಲಿ ಮುಗಿಯುತ್ತದೆ.

ಅದೇ ತ್ರಿಕೋನವನ್ನು ಅಡ್ಡ ಪಟ್ಟಿಗಳಾಗಿ ಸೀಳಲು ಏನೂ ಅಡ್ಡಿಯಿಲ್ಲ. y ಎತ್ತರದಲ್ಲಿ ನಿಂತು ಎಡದಿಂದ ಬಲಕ್ಕೆ ನಡೆದರೆ ತ್ರಿಕೋನದೊಳಗೆ ಕಾಲಿಡುವುದು x = 0 ಎಂಬಲ್ಲಿ, ಹೊರಬೀಳುವುದು ಓರೆ ಗೆರೆಯ ಮೇಲೆ, ಅಂದರೆ x = y ಎಂಬಲ್ಲಿ. ಇಂಥ ಪಟ್ಟಿಗಳು y = 0 ಯಿಂದ y = 1 ರವರೆಗೆ ಇವೆ. ಆದ್ದರಿಂದ ಹೊಸ ರೂಪ ಹೀಗಾಗುತ್ತದೆ:

∫[0, 1] ∫[0, y] e^(y²) dx dy

ಈಗ ಒಳಗಿನ ಅನುಕಲ x ಮೇಲಿನದು. ಆ ಹಂತದಲ್ಲಿ y ಕದಲುವುದಿಲ್ಲ, ಹಾಗಾಗಿ e^(y²) ಬರಿಯ ಸ್ಥಿರಾಂಕ. ಸ್ಥಿರಾಂಕವನ್ನು 0 ಯಿಂದ y ವರೆಗೆ ಅನುಕಲಿಸಿದರೆ ಬರುವುದು ಸ್ಥಿರಾಂಕ ಗುಣಿಸು ಪಟ್ಟಿಯ ಉದ್ದ, ಅಂದರೆ y·e^(y²). ಹೊರಗಿನ ಹಂತದಲ್ಲಿ ಇದನ್ನು 0 ಯಿಂದ 1 ರವರೆಗೆ ಅನುಕಲಿಸಬೇಕು:

∫[0, 1] y·e^(y²) dy = (e − 1)/2 ≈ 0.859

ಇಲ್ಲದಿದ್ದ y ಬಂದದ್ದು ತ್ರಿಕೋನದ ಆಕಾರದಿಂದ. y ಎತ್ತರದಲ್ಲಿ ಅಡ್ಡ ಪಟ್ಟಿಯ ಉದ್ದ ಸರಿಯಾಗಿ y ಆಗಿರುವುದೇ ಇಡೀ ಉಪಾಯದ ಗುಟ್ಟು. ಪಠ್ಯಪುಸ್ತಕಗಳು ಈ ಹೆಜ್ಜೆಯನ್ನು ಮಿತಿ ಬದಲಿಸುವ ಒಂದು ಯಾಂತ್ರಿಕ ಕ್ರಿಯೆಯಂತೆ ತೋರಿಸಿ ಮುಂದೆ ಹೋಗುವುದುಂಟು. ಆದರೆ ಫಲನಕ್ಕೆ ಬೇಕಾದ ಗುಣಕವನ್ನು ಪ್ರದೇಶದ ಅಂಚೇ ಒದಗಿಸುತ್ತದೆ ಎಂಬುದನ್ನು ಕಾಣದಿದ್ದರೆ, ಯಾವ ಲೆಕ್ಕಕ್ಕೆ ಈ ಉಪಾಯ ಫಲಿಸುತ್ತದೆ, ಯಾವುದಕ್ಕೆ ಇಲ್ಲ ಎಂದು ಮುಂಚಿತವಾಗಿ ಹೇಳಲು ಬರುವುದಿಲ್ಲ.

ಪ್ರದೇಶ ತ್ರಿಕೋನವಾಗಿರದೆ 0 ಯಿಂದ 1 ರವರೆಗಿನ ಪೂರ್ತಿ ಚೌಕವಾಗಿದ್ದರೆ ಏನಾಗುತ್ತದೆ? ಆಗ ಪ್ರತಿ ಅಡ್ಡ ಪಟ್ಟಿಯ ಉದ್ದವೂ 1. ಕ್ರಮ ತಿರುಗಿಸಿದ ಮೇಲೂ ಕೈಯಲ್ಲಿ ಉಳಿಯುವುದು ಗುಣಕವಿಲ್ಲದ e^(y²), ಅಂದರೆ ಹೊರಟಲ್ಲಿಗೇ ಮರಳಿದಂತೆ. ಇನ್ನು ಓರೆ ಗೆರೆಯ ಕೆಳಗಿನ ತ್ರಿಕೋನವನ್ನು ತೆಗೆದುಕೊಂಡರೆ, ಅಲ್ಲಿ ಅಡ್ಡ ಪಟ್ಟಿ x = y ಯಿಂದ x = 1 ರವರೆಗೆ ಇರುವುದರಿಂದ ಉದ್ದ 1 − y. ಗುಣಿಸಿದಾಗ e^(y²) ಮತ್ತು y·e^(y²) ಎಂಬ ಎರಡು ಪದಗಳು ಬರುತ್ತವೆ. ಎರಡನೆಯದು ಸಲೀಸು, ಮೊದಲನೆಯದು ಹಾಗೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಚೌಕದ ಮೇಲಿನ ಒಟ್ಟು ಬೆಲೆ ಸುಮಾರು 1.463. ಅದರಲ್ಲಿ ಮೇಲಿನ ತ್ರಿಕೋನದ ಪಾಲು 0.859, ಅದಕ್ಕೆ (e − 1)/2 ಎಂಬ ಅಂದವಾದ ರೂಪವಿದೆ. ಕೆಳಗಿನ ತ್ರಿಕೋನದ ಪಾಲು ಸುಮಾರು 0.604, ಅದನ್ನು ಈ ಉಪಾಯದಿಂದ ಹಾಗೆ ಬರೆಯಲು ಬರುವುದಿಲ್ಲ. ಒಂದೇ ಚೌಕದ ಎರಡು ಅರ್ಧಗಳು ಇಷ್ಟು ಬೇರೆಯಾಗಿ ವರ್ತಿಸುವುದು ಅಚ್ಚರಿಯ ಸಂಗತಿಯೇ ಸರಿ.

ಗುಣಕ ಮತ್ತು ಅಂಚು ಒಂದಕ್ಕೊಂದು ಹೊಂದಬೇಕು ಎಂಬುದು ಮುಂದಿನ ಉದಾಹರಣೆಯಲ್ಲಿ ಇನ್ನೂ ನಿಚ್ಚಳವಾಗುತ್ತದೆ. ಫಲನ e^(y³) ಆಗಿದ್ದರೆ ಒಂದು y ಸಾಲದು, y² ಬೇಕು, ಏಕೆಂದರೆ ಘಾತದಲ್ಲಿರುವ y³ ಅನ್ನು ಅವಕಲಿಸಿದರೆ 3y² ಬರುತ್ತದೆ. ಅದೇ ನೇರ ಅಂಚಿನ ತ್ರಿಕೋನದ ಮೇಲೆ ಕ್ರಮ ತಿರುಗಿಸಿದರೆ y·e^(y³) ಬಂದು ಲೆಕ್ಕ ಮತ್ತೆ ನಿಲ್ಲುತ್ತದೆ. ಅಂಚು ಬಾಗಿದ್ದರೆ ಮಾತ್ರ ಕೆಲಸ ಸಾಗುತ್ತದೆ:

∫[0, 1] ∫[√x, 1] e^(y³) dy dx

ಇಲ್ಲಿ ಪ್ರದೇಶದ ಕೆಳ ಅಂಚು y = √x ಎಂಬ ವಕ್ರರೇಖೆ. ಅಡ್ಡ ಪಟ್ಟಿಗಳ ಕಡೆಯಿಂದ ನೋಡುವಾಗ ಅದೇ ರೇಖೆಯನ್ನು x ಗಾಗಿ ಬಿಡಿಸಿ x = y² ಎಂದು ಬರೆದುಕೊಳ್ಳಬೇಕು. ಪಟ್ಟಿ x = 0 ಯಿಂದ x = y² ವರೆಗೆ ಇದೆ, ಅದರ ಉದ್ದ y². ಬೇಕಾದ ಗುಣಕ ಸಿಕ್ಕಿತು. ಉಳಿಯುವುದು y²·e^(y³), ಅದರ ಅನುಕಲ e^(y³)/3, ಉತ್ತರ (e − 1)/3, ಸುಮಾರು 0.573.

ಗುಣಿಸುವ ಬದಲು ಛೇದವನ್ನು ಹೊಡೆದುಹಾಕುವ ಕೆಲಸವನ್ನೂ ಅಂಚು ಮಾಡಬಲ್ಲದು. (sin y)/y ಎಂಬ ಫಲನಕ್ಕೂ ಸರಳ ಸೂತ್ರದ ಅನುಕಲ ಇಲ್ಲ. ಅದನ್ನು x = 0 ಯಿಂದ π ವರೆಗೆ, ಪ್ರತಿ x ಗೂ y = x ನಿಂದ π ವರೆಗೆ ಕೂಡಿಸಬೇಕೆಂದರೆ ಬರೆದ ಕ್ರಮದಲ್ಲಿ ದಾರಿ ಇಲ್ಲ. ಕ್ರಮ ತಿರುಗಿಸಿದಾಗ ಪಟ್ಟಿಯ ಉದ್ದವಾದ y ಛೇದದ y ಅನ್ನು ಹೊಡೆದುಹಾಕಿ ಬರಿಯ sin y ಉಳಿಯುತ್ತದೆ, ಉತ್ತರ ಸರಿಯಾಗಿ 2. y = 0 ಆದಾಗ ಸೊನ್ನೆಯಿಂದ ಭಾಗಿಸಿದಂತಾಗುವುದಿಲ್ಲವೇ ಎಂಬ ಅನುಮಾನ ಸಹಜ. y ಸೊನ್ನೆಯ ಹತ್ತಿರ ಬಂದಂತೆ (sin y)/y ಒಂದರ ಹತ್ತಿರ ಬರುವುದರಿಂದ ಅಲ್ಲಿ ತೊಂದರೆಯಿಲ್ಲ.

ತಪ್ಪುಗಳಾಗುವುದು ಹೆಚ್ಚಾಗಿ ಮಿತಿಗಳಲ್ಲಿ. ಚಿತ್ರ ಬರೆಯದೆ dy dx ಅನ್ನು dx dy ಎಂದು ಅದಲುಬದಲು ಮಾಡಿ, ಮಿತಿಗಳನ್ನು ಅವುಗಳ ಜೊತೆಗೇ ಸಾಗಿಸಿಬಿಡುವುದು ಮೊದಲ ತಪ್ಪು. ಹಾಗೆ ಮಾಡಿದರೆ ಹೊರಗಿನ ಅನುಕಲದ ಮಿತಿಯಲ್ಲಿ x ಕೂತಿರುತ್ತದೆ, ಕೊನೆಯ ಉತ್ತರದಲ್ಲೂ x ಉಳಿಯುತ್ತದೆ. ಘನಗಾತ್ರ ಒಂದು ಸಂಖ್ಯೆ, ಅದರಲ್ಲಿ x ಇರಲು ಸಾಧ್ಯವಿಲ್ಲ. ಹೊರಗಿನ ಮಿತಿಗಳು ಯಾವತ್ತೂ ಸ್ಥಿರ ಸಂಖ್ಯೆಗಳೇ ಆಗಿರಬೇಕು ಎಂಬುದು ನೆನಪಿದ್ದರೆ ಈ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ.

ಎರಡನೇ ತಪ್ಪು ಇಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ಓರೆ ಗೆರೆಯ ಮೇಲಿನ ತ್ರಿಕೋನದ ಬದಲು ಕೆಳಗಿನ ತ್ರಿಕೋನವನ್ನು ಹಿಡಿದು, ಒಳಗಿನ ಮಿತಿಗಳನ್ನು 0 ಮತ್ತು y ಎಂದು ಬರೆಯುವಲ್ಲಿ y ಮತ್ತು 1 ಎಂದು ಬರೆಯುವುದು ಈ ತಪ್ಪು. ಮಿತಿಗಳು ಸರಿಯೇ ಎಂದು ನೋಡಲು ಫಲನದ ಜಾಗದಲ್ಲಿ 1 ಇಟ್ಟು ವಿಸ್ತೀರ್ಣ ತೆಗೆಯುವ ಅಭ್ಯಾಸವಿದೆ. ಅಭ್ಯಾಸ ಒಳ್ಳೆಯದೇ, ಆದರೆ ಎರಡೂ ತ್ರಿಕೋನಗಳ ವಿಸ್ತೀರ್ಣ 1/2 ಆಗಿರುವುದರಿಂದ ಇಲ್ಲಿ ಅದು ತಪ್ಪನ್ನು ಹಿಡಿಯುವುದಿಲ್ಲ. ಫಲನದ ಜಾಗದಲ್ಲಿ y ಇಟ್ಟು ನೋಡಿದರೆ ಹಿಡಿಯುತ್ತದೆ. ಮೂಲ ಕ್ರಮದಲ್ಲಿ y ಯನ್ನು x ನಿಂದ 1 ರವರೆಗೆ ಅನುಕಲಿಸಿದರೆ (1 − x²)/2, ಅದನ್ನು ಮತ್ತೆ 0 ಯಿಂದ 1 ರವರೆಗೆ ಅನುಕಲಿಸಿದರೆ 1/3. ಸರಿಯಾಗಿ ತಿರುಗಿಸಿದ ಕ್ರಮದಲ್ಲಿ y ಗುಣಿಸು y, ಅಂದರೆ y² ನ ಅನುಕಲ, ಅದೂ 1/3. ತಪ್ಪು ತ್ರಿಕೋನದಲ್ಲಾದರೆ y(1 − y) ಯ ಅನುಕಲ, ಅದು 1/6. ಎರಡು ನಿಮಿಷದ ಈ ಪರೀಕ್ಷೆಯನ್ನು ಉತ್ತರ ಪತ್ರಿಕೆಯ ಅಂಚಿನಲ್ಲೇ ಮಾಡಿ ಮುಗಿಸಬಹುದು.

ಪ್ರದೇಶದ ಆಕಾರ ಸ್ವಲ್ಪ ತೊಡಕಾಗಿದ್ದರೆ, ತಿರುಗಿಸಿದಾಗ ಒಂದು ಅನುಕಲ ಎರಡಾಗುವುದೂ ಉಂಟು. x ಎಂಬುದು 0 ಯಿಂದ 1 ರವರೆಗೆ, y ಎಂಬುದು x ನಿಂದ 2 − x ವರೆಗೆ ಓಡುವ ಪ್ರದೇಶವನ್ನು ಬರೆದು ನೋಡಿದರೆ (0, 0), (0, 2), (1, 1) ಮೂಲೆಗಳ ತ್ರಿಕೋನ ಬರುತ್ತದೆ. ಅದರ ಮೂಗು ಬಲಕ್ಕೆ ಚಾಚಿದೆ. ಅಡ್ಡಡ್ಡ ನಡೆಯುವಾಗ, y ಒಂದಕ್ಕಿಂತ ಕಡಿಮೆ ಇದ್ದರೆ ಹೊರಬೀಳುವುದು x = y ಗೆರೆಯಲ್ಲಿ, ಒಂದಕ್ಕಿಂತ ಹೆಚ್ಚಿದ್ದರೆ x = 2 − y ಗೆರೆಯಲ್ಲಿ. ಆದ್ದರಿಂದ y = 1 ಎಂಬಲ್ಲಿ ಪ್ರದೇಶವನ್ನು ಕತ್ತರಿಸಿ ಎರಡು ಅನುಕಲಗಳನ್ನು ಬರೆದು ಕೂಡಿಸಬೇಕು. ಹೊರಬೀಳುವ ಅಂಚು ಎಲ್ಲಿ ಬದಲಾಗುತ್ತದೋ ಅಲ್ಲೆಲ್ಲ ಕತ್ತರಿಸಬೇಕಾಗುತ್ತದೆ. ಇದನ್ನು ತಲೆಕೆಳಗಾಗಿ ಮಾಡಿ, ಎರಡು ಅನುಕಲಗಳ ಮೊತ್ತವನ್ನು ಕೊಟ್ಟು ಒಂದಾಗಿಸಿ ಎಂದು ಕೇಳುವ ಪ್ರಶ್ನೆಗಳೂ ಇವೆ.

ಕ್ರಮ ತಿರುಗಿಸಲು ಅನುಮತಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಡ್ಡ ಸಾಲುಗಳ ಮೊತ್ತಗಳನ್ನು ಕೂಡಿಸಿದರೂ, ಉದ್ದ ಕಂಬಗಳ ಮೊತ್ತಗಳನ್ನು ಕೂಡಿಸಿದರೂ ಪುಟದ ಒಟ್ಟು ಮೊತ್ತ ಒಂದೇ. ಸಂಖ್ಯೆಗಳು ಲೆಕ್ಕಕ್ಕೆ ಸಿಗುವಷ್ಟಿರುವವರೆಗೆ ಇದರಲ್ಲಿ ಅನುಮಾನವಿಲ್ಲ. ಅನುಕಲದಲ್ಲಿ ಕೂಡಿಸುವುದು ಅನಂತ ಬಿಂದುಗಳ ಮೇಲೆ, ಅಲ್ಲಿ ಈ ನಂಬಿಕೆ ಕೈಕೊಡಬಹುದು. 0 ಯಿಂದ 1 ರವರೆಗಿನ ಚೌಕದ ಮೇಲೆ ಈ ಫಲನವನ್ನು ನೋಡಬಹುದು:

(x² − y²) / (x² + y²)²

ಇದನ್ನು ಮೊದಲು y ಮೇಲೆ ಅನುಕಲಿಸುವುದು ಸುಲಭ, ಏಕೆಂದರೆ y/(x² + y²) ಅನ್ನು y ಕುರಿತು ಅವಕಲಿಸಿದರೆ ಬರುವುದು ಇದೇ ಫಲನ. 0 ಯಿಂದ 1 ರ ಮಿತಿ ಹಾಕಿದರೆ 1/(x² + 1), ಅದನ್ನು x ಮೇಲೆ ಅನುಕಲಿಸಿದರೆ π/4. ಈಗ ಕ್ರಮ ತಿರುಗಿಸಬೇಕು. x ಮತ್ತು y ಜಾಗ ಬದಲಾಯಿಸಿಕೊಂಡರೆ ಫಲನದ ಚಿಹ್ನೆ ತಿರುಗುವುದರಿಂದ, ಉತ್ತರ −π/4. ಮಿತಿಗಳಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ತಪ್ಪಿಲ್ಲ, ಆದರೂ ಒಂದೇ ಚೌಕಕ್ಕೆ ಎರಡು ಬೆಲೆ.

ಕಾರಣ ಅಡಗಿರುವುದು (0, 0) ಮೂಲೆಯಲ್ಲಿ. ಆ ಮೂಲೆಗೆ ಹತ್ತಿರವಾದಂತೆ ಓರೆ ಗೆರೆಯ ಒಂದು ಕಡೆ ಫಲನ ಧನ ದಿಕ್ಕಿನಲ್ಲಿ ಮಿತಿಯಿಲ್ಲದೆ ಏರುತ್ತದೆ, ಇನ್ನೊಂದು ಕಡೆ ಋಣ ದಿಕ್ಕಿನಲ್ಲಿ ಅಷ್ಟೇ ಇಳಿಯುತ್ತದೆ. ಧನ ಭಾಗದ ಘನಗಾತ್ರವೊಂದನ್ನೇ ತೆಗೆದರೆ ಅನಂತ, ಋಣ ಭಾಗದ್ದೂ ಅನಂತ. ಎರಡು ಅನಂತಗಳನ್ನು ಒಂದರಿಂದೊಂದು ಕಳೆಯುವಾಗ ಯಾವುದನ್ನು ಎಷ್ಟು ಬೇಗ ಕೂಡಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ, ಕ್ರಮ ಬದಲಾದರೆ ಅದೂ ಬದಲಾಗುತ್ತದೆ.

ಈ ಅಪಾಯ ಯಾವಾಗ ಇಲ್ಲ ಎಂಬುದನ್ನು ಖಚಿತವಾಗಿ ಹೇಳುವ ಪ್ರಮೇಯವನ್ನು ಇಟಲಿಯ ಗ್ವಿಡೊ ಫುಬಿನಿ 1907ರಲ್ಲಿ ಪ್ರಕಟಿಸಿದ. ಅದೇ ದೇಶದ ಲಿಯೊನಿಡಾ ಟೊನೆಲಿ 1909ರಲ್ಲಿ ಅದಕ್ಕೆ ಜೊತೆಯಾಗುವ ಇನ್ನೊಂದನ್ನು ಕೊಟ್ಟ. ಎರಡನ್ನೂ ಸೇರಿಸಿದರೆ ಬಳಕೆಗೆ ಬರುವ ನಿಯಮ ಇಷ್ಟು. ಫಲನ ಎಲ್ಲೂ ಋಣವಾಗದಿದ್ದರೆ ಕ್ರಮವನ್ನು ನಿರಾತಂಕವಾಗಿ ತಿರುಗಿಸಬಹುದು. ಚಿಹ್ನೆ ಬದಲಾಗುವ ಫಲನವಾದರೆ ಮೊದಲು ಋಣಚಿಹ್ನೆಗಳನ್ನೆಲ್ಲ ಅಳಿಸಿ, ಅಂದರೆ ನಿರಪೇಕ್ಷ ಬೆಲೆ ತೆಗೆದುಕೊಂಡು, ಯಾವುದಾದರೂ ಒಂದು ಕ್ರಮದಲ್ಲಿ ಅನುಕಲಿಸಿ ನೋಡಬೇಕು. ಅದು ಅನಂತವಾಗದಿದ್ದರೆ ಮೂಲ ಫಲನಕ್ಕೂ ಎರಡು ಕ್ರಮಗಳು ಒಂದೇ ಉತ್ತರ ಕೊಡುತ್ತವೆ. ಸೀಮಿತ ಪ್ರದೇಶದ ಮೇಲೆ, ಅಂಚುಗಳೂ ಸೇರಿ ಎಲ್ಲೂ ಸಿಡಿಯದ ಅವಿಚ್ಛಿನ್ನ ಫಲನವಾದರೆ ಇಷ್ಟು ಪರೀಕ್ಷೆಯೂ ಬೇಡ. ಮೇಲೆ ಬಂದ e^(y²), e^(y³), (sin y)/y ಮೂರೂ ಅಂಥವೇ.

ಈ ನಿಯಮ ಕೈಯಲ್ಲಿದ್ದರೆ ಉಪಾಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಬಹುದು. ದ್ವಿ-ಅನುಕಲವೇ ಅಲ್ಲದ, ಒಂದೇ ಚರಾಕ್ಷರದ ಒಂದು ಹಟಮಾರಿ ಅನುಕಲವನ್ನು ಬೇಕೆಂದೇ ಎರಡಾಗಿಸಿ, ಕ್ರಮ ತಿರುಗಿಸಿ ಬಿಡಿಸಬಹುದು:

∫[0, 1] (x² − x)/ln x dx

ಛೇದದಲ್ಲಿ ಲಾಗರಿದಮ್ ಇರುವುದರಿಂದ ಇದಕ್ಕೂ ನೇರ ಸೂತ್ರವಿಲ್ಲ. ಆದರೆ x ನ ಘಾತವಾದ t ಯನ್ನು ಚರವೆಂದು ಹಿಡಿದರೆ x^t ನ ಅನುಕಲ x^t/ln x. ಆದ್ದರಿಂದ x^t ಅನ್ನು t = 1 ರಿಂದ t = 2 ರವರೆಗೆ ಅನುಕಲಿಸಿದರೆ ಬರುವುದು (x² − x)/ln x, ಅಂದರೆ ಕೊಟ್ಟ ಫಲನವೇ. ಹಾಗಾದರೆ ಕೊಟ್ಟ ಲೆಕ್ಕ ಇದಾಯಿತು:

∫[0, 1] ∫[1, 2] x^t dt dx

x ಇರುವುದು 0 ಮತ್ತು 1 ರ ನಡುವೆ, x^t ಎಲ್ಲೂ ಋಣವಾಗುವುದಿಲ್ಲ. ಟೊನೆಲಿಯ ಪ್ರಮೇಯದ ಪ್ರಕಾರ ಕ್ರಮ ತಿರುಗಿಸಲು ಅಡ್ಡಿಯಿಲ್ಲ. ಪ್ರದೇಶ ಆಯತವಾದ್ದರಿಂದ ಮಿತಿಗಳೂ ಇದ್ದಂತೆಯೇ ಇರುತ್ತವೆ. ಆಗಲೇ ಚೌಕದ ಮೇಲೆ ತಿರುಗಿಸಿದಾಗ ಲಾಭವಾಗಲಿಲ್ಲ, ಏಕೆಂದರೆ ಅಲ್ಲಿನ ಫಲನದಲ್ಲಿ ಒಂದೇ ಚರವಿತ್ತು. ಇಲ್ಲಿ x ಮತ್ತು t ಎರಡೂ ಹೆಣೆದುಕೊಂಡಿವೆ, ಹಾಗಾಗಿ ಯಾವುದರ ಮೇಲೆ ಮೊದಲು ಅನುಕಲಿಸುತ್ತೇವೆ ಎಂಬುದರಿಂದ ವ್ಯತ್ಯಾಸವಾಗುತ್ತದೆ. x ಮೇಲೆ ಮೊದಲು ಅನುಕಲಿಸಿದರೆ x^t ಕೊಡುವುದು 1/(t + 1), ಲಾಗರಿದಮ್‌ನ ಸುಳಿವೇ ಇಲ್ಲ. ಅದನ್ನು t = 1 ರಿಂದ 2 ರವರೆಗೆ ಅನುಕಲಿಸಿದರೆ ln 3 − ln 2, ಸುಮಾರು 0.405. ಮೂಲ ಫಲನ x = 0 ಯ ಬಳಿ ಸೊನ್ನೆಯಿಂದ ಹೊರಟು, x = 1/2 ರಲ್ಲಿ ಸುಮಾರು 0.36 ಆಗಿ, x = 1 ರ ಬಳಿ ಒಂದನ್ನು ಮುಟ್ಟುತ್ತದೆ. ಅಂಥ ಫಲನದ ಸರಾಸರಿ ಎತ್ತರ 0.405 ಇರುವುದು ಅದರ ಏರಿಕೆಗೆ ಹೊಂದುತ್ತದೆ.